ಎರಡು ಕೀಗಳೇ, ಒಂದೇ ಸ್ಕೇಲೇ? ಆಕ್ಟಟಾನಿಕ್ ಮತ್ತು ಬೈಟೋನಾಲಿಟಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಎರಡು ವಿಷಯಗಳನ್ನು ಯಾಕೆ ಯಾವಾಗಲೂ ಜೊತೆಯಾಗಿ ಹೇಳುತ್ತಾರೆ?

ಒಂದೇ ಜಾಗದ ಸಂಗೀತವನ್ನು ಎರಡೂ ಹೆಸರಿನಿಂದ ಕರೆಯುವುದುಂಟು, ಅದಕ್ಕೆ. 1911ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನ ಕಂಡ ಸ್ಟ್ರಾವಿನ್‌ಸ್ಕಿಯ ‘ಪೆಟ್ರುಷ್ಕಾ’ ಬ್ಯಾಲೆಯ ಎರಡನೇ ದೃಶ್ಯದಲ್ಲಿ ಒಂದು ಕ್ಲಾರಿನೆಟ್ ಸಿ ಮೇಜರ್ ಟ್ರಯಾಡನ್ನೂ ಇನ್ನೊಂದು ಎಫ್ ಶಾರ್ಪ್ ಮೇಜರ್ ಟ್ರಯಾಡನ್ನೂ ಬಿಡಿಸಿ ಬಿಡಿಸಿ ಒಟ್ಟಿಗೆ ನುಡಿಸುತ್ತವೆ. ಇದು ಎರಡು ಕೀಗಳ ಡಿಕ್ಕಿ ಎನ್ನುವುದು ಒಂದು ವಾದ. ಎರಡೂ ಟ್ರಯಾಡ್‌ಗಳು ಒಂದೇ ಎಂಟು ಸ್ವರಗಳ ಸ್ಕೇಲಿನಿಂದ ಬಂದಿವೆ, ಹಾಗಾಗಿ ಡಿಕ್ಕಿಯೇ ಇಲ್ಲ ಎನ್ನುವುದು ಇನ್ನೊಂದು. ಮೊದಲನೆಯದು ಬೈಟೋನಾಲಿಟಿ, ಎರಡನೆಯದು ಆಕ್ಟಟಾನಿಕ್. ಯಾವಾಗ ಯಾವುದು ಸರಿ ಎಂದು ಸ್ಕೋರ್ ನೋಡಿ ತೀರ್ಮಾನಿಸುವ ಬಗೆಯೇ ಇಲ್ಲಿನ ವಿಷಯ.

ಆಕ್ಟಟಾನಿಕ್ ಸ್ಕೇಲನ್ನು ಕಟ್ಟುವುದು ಹೇಗೆ?

ಒಂದು ಸ್ವರದಿಂದ ಹೊರಟು ಅರ್ಧ, ಪೂರ್ಣ, ಅರ್ಧ, ಪೂರ್ಣ ಎಂದು ಹೆಜ್ಜೆ ಹಾಕುತ್ತಾ ಹೋಗಿ. ಸಿಯಿಂದ ಹೊರಟರೆ ಸಿ, ಸಿ ಶಾರ್ಪ್, ಡಿ ಶಾರ್ಪ್, ಇ, ಎಫ್ ಶಾರ್ಪ್, ಜಿ, ಎ, ಬಿ ಫ್ಲ್ಯಾಟ್ ಸಿಗುತ್ತವೆ. ಮುಂದಿನ ಹೆಜ್ಜೆ ಮತ್ತೆ ಸಿಗೆ ಬರುತ್ತದೆ. ಎಂಟು ಸ್ವರ, ಆದರೆ ಅಕ್ಷರಗಳು ಏಳೇ. ಆದ್ದರಿಂದ ಬರೆಯುವಾಗ ಯಾವುದೋ ಒಂದು ಅಕ್ಷರ ಎರಡು ಸಲ ಬರಲೇಬೇಕು.

ಈ ಸ್ಕೇಲನ್ನು ಮೂರು ಸೆಮಿಟೋನ್ ಮೇಲಕ್ಕೆ ಸರಿಸಿದರೆ ಅದೇ ಎಂಟು ಸ್ವರಗಳು ಬರುತ್ತವೆ. ಹೀಗಾಗಿ ಮೇಜರ್ ಸ್ಕೇಲಿಗೆ ಹನ್ನೆರಡು ಸ್ಥಾನಗಳಿದ್ದರೆ ಇದಕ್ಕೆ ಮೂರೇ. ಪ್ರತಿಯೊಂದು ಸ್ಥಾನದಲ್ಲೂ ಹೊರಗುಳಿಯುವ ನಾಲ್ಕು ಸ್ವರಗಳು ಸೇರಿ ಒಂದು ಡಿಮಿನಿಶ್ಡ್ ಸೆವೆಂತ್ ಕಾರ್ಡ್ ಆಗುತ್ತದೆ. ಮೇಲಿನ ಉದಾಹರಣೆಯಲ್ಲಿ ಹೊರಗಿರುವವು ಡಿ, ಎಫ್, ಜಿ ಶಾರ್ಪ್, ಬಿ. ಈ ಮಾತನ್ನು ನೆನಪಿಡಿ, ಮುಂದಿನ ಪರೀಕ್ಷೆಯೆಲ್ಲ ಇದರ ಮೇಲೆಯೇ ನಿಂತಿದೆ.

ಸ್ಕೇಲ್ ರಷ್ಯಾದಲ್ಲಿ ಹೊಸದಾಗಿರಲಿಲ್ಲ. ರಿಮ್‌ಸ್ಕಿ-ಕೊರ್ಸಕೊವ್ 1867ರ ‘ಸಾದ್ಕೊ’ದಲ್ಲೇ ಅದನ್ನು ಬಳಸಿದ್ದರು, ಸ್ಟ್ರಾವಿನ್‌ಸ್ಕಿ ಅವರ ಶಿಷ್ಯ. ‘ಆಕ್ಟಟಾನಿಕ್’ ಎಂಬ ಹೆಸರು ಮಾತ್ರ ತಡವಾಗಿ, 1963ರಲ್ಲಿ, ಆರ್ಥರ್ ಬರ್ಗರ್ ಸ್ಟ್ರಾವಿನ್‌ಸ್ಕಿ ಬಗ್ಗೆ ಬರೆದ ಲೇಖನದಿಂದ ಬಂತು. ಮೆಸಿಯಾನ್ ಇದನ್ನೇ ತಮ್ಮ ಎರಡನೇ ಮೋಡ್ ಎಂದು ಕರೆದರು.

ಕರ್ನಾಟಕ ಸಂಗೀತ ಕಲಿತವರಿಗೆ ಇದನ್ನು ನಮ್ಮ ಸ್ವರಗಳಲ್ಲಿ ಹೇಳಬಹುದೇ?

ಹೇಳಬಹುದು. ಷಡ್ಜವನ್ನು ಸಿಯಲ್ಲಿಟ್ಟರೆ ಸ, ಶುದ್ಧ ರಿಷಭ, ಸಾಧಾರಣ ಗಾಂಧಾರ, ಅಂತರ ಗಾಂಧಾರ, ಪ್ರತಿ ಮಧ್ಯಮ, ಪ, ಚತುಃಶ್ರುತಿ ಧೈವತ, ಕೈಶಿಕಿ ನಿಷಾದ. ಎರಡು ಗಾಂಧಾರಗಳಿರುವುದರಿಂದ ಇದು ಮೇಳಕರ್ತ ಆಗಲಾರದು. ಅಂತರ ಗಾಂಧಾರ ತೆಗೆದರೆ 46ನೇ ಮೇಳ ಷಡ್ವಿಧಮಾರ್ಗಿಣಿ. ಸಾಧಾರಣ ಗಾಂಧಾರ ತೆಗೆದರೆ 52ನೇ ಮೇಳ ರಾಮಪ್ರಿಯ. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಈ ಸ್ಕೇಲ್.

ಹೋಲಿಕೆ ಸ್ವರಸ್ಥಾನಗಳ ಮಟ್ಟಿಗೆ ಮಾತ್ರ. ನಮ್ಮಲ್ಲಿ ತಂಬೂರಿ ಷಡ್ಜವನ್ನು ಅಲುಗದಂತೆ ಹಿಡಿದಿರುತ್ತದೆ. ಆಕ್ಟಟಾನಿಕ್‌ನಲ್ಲಿ ಸಾಧಾರಣ ಗಾಂಧಾರಕ್ಕೆ ಗ್ರಹಭೇದ ಮಾಡಿದರೂ ಅದೇ ಸ್ಕೇಲ್, ಪ್ರತಿ ಮಧ್ಯಮಕ್ಕೆ ಮಾಡಿದರೂ ಅದೇ, ಚತುಃಶ್ರುತಿ ಧೈವತಕ್ಕೆ ಮಾಡಿದರೂ ಅದೇ. ಅಂದರೆ ಷಡ್ಜ ಯಾವುದೆಂದು ಸ್ಕೇಲ್ ತಾನಾಗಿ ಹೇಳುವುದಿಲ್ಲ. ನಾಲ್ಕು ಸ್ವರಗಳಿಗೆ ಸಮಾನ ಹಕ್ಕಿದೆ. ಸಿ, ಡಿ ಶಾರ್ಪ್, ಎಫ್ ಶಾರ್ಪ್, ಎ ಈ ನಾಲ್ಕರ ಮೇಲೂ ಮೇಜರ್ ಟ್ರಯಾಡ್ ಕಟ್ಟಬಹುದು, ಮೈನರ್ ಟ್ರಯಾಡೂ ಕಟ್ಟಬಹುದು. ಕೇಳುವವರಿಗೆ ‘ಎರಡು ಕೀ’ ಎಂಬ ಅನುಮಾನ ಹುಟ್ಟುವುದು ಇಲ್ಲಿಂದಲೇ.

ಬೈಟೋನಾಲಿಟಿ ಎನ್ನಲು ಏನೇನು ಇರಬೇಕು?

ಎರಡು ಕಾರ್ಡ್‌ಗಳು ಒಂದರ ಮೇಲೊಂದು ಬಂದರೆ ಸಾಲದು. ಟ್ರಯಾಡ್ ಎನ್ನುವುದು ಕೀ ಅಲ್ಲ: ಸಿ ಮೇಜರ್ ಟ್ರಯಾಡ್ ಸಿ ಮೇಜರ್‌ನಲ್ಲೂ ಇದೆ, ಜಿ ಮೇಜರ್‌ನಲ್ಲೂ ಇದೆ, ಎಫ್ ಮೇಜರ್‌ನಲ್ಲೂ ಇದೆ. ಒಂದು ಪದರಕ್ಕೆ ತನ್ನದೇ ಕೀ ಇದೆ ಎನ್ನಬೇಕಾದರೆ ಅದನ್ನು ಬೇರೆಯಾಗಿ ನುಡಿಸಿದಾಗ ನಿಲ್ಲುವ ಸ್ವರ ತಿಳಿಯಬೇಕು, ಆ ಸ್ವರದ ಐದನೆಯದು ಅಥವಾ ಅದಕ್ಕೆ ಅರ್ಧ ಹೆಜ್ಜೆ ಕೆಳಗಿನ ಲೀಡಿಂಗ್ ಟೋನ್ ಕೆಲಸ ಮಾಡುತ್ತಿರಬೇಕು, ಮತ್ತು ಅದು ಒಂದು ನುಡಿಯಷ್ಟಾದರೂ ಉಳಿಯಬೇಕು. ಎರಡೂ ಪದರಗಳು ಈ ಪರೀಕ್ಷೆಯಲ್ಲಿ ಪಾಸಾಗಬೇಕು. ಇದರ ಜೊತೆಗೆ ಪದರಗಳು ಕಿವಿಗೆ ಬೇರೆಯಾಗಿ ಬೀಳುವಂತೆ ಬೇರೆ ಸ್ಥಾಯಿ, ಬೇರೆ ವಾದ್ಯ ಅಥವಾ ಬೇರೆ ಲಯದ ನಡೆ ಇರಬೇಕು. ಒಂದು ಪದರ ಮಾತ್ರ ಪಾಸಾದರೆ ಅಲ್ಲಿರುವುದು ಒಂದೇ ಕೀ. ಇನ್ನೊಂದು ಅದರ ಮೇಲಿನ ಬಣ್ಣ.

ಸ್ಕೋರ್ ಕೈಗೆ ಬಂದಾಗ ಮೊದಲು ಏನು ಮಾಡಬೇಕು?

ಸ್ವರಗಳಿಗೆ ಸಂಖ್ಯೆ ಕೊಡಿ. ಸಿ 0, ಸಿ ಶಾರ್ಪ್ 1, ಡಿ 2, ಹೀಗೆ ಬಿ 11ರ ವರೆಗೆ. ಸ್ಪೆಲಿಂಗ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಡಿ ಶಾರ್ಪ್ ಆದರೂ ಇ ಫ್ಲ್ಯಾಟ್ ಆದರೂ 3. ಆಮೇಲೆ ಪ್ರತಿ ಸಂಖ್ಯೆಯನ್ನು 3ರಿಂದ ಭಾಗಿಸಿ ಶೇಷ ಬರೆಯಿರಿ. ಶೇಷ 0 ಇರುವವು ಸಿ, ಡಿ ಶಾರ್ಪ್, ಎಫ್ ಶಾರ್ಪ್, ಎ. ಶೇಷ 1 ಇರುವವು ಸಿ ಶಾರ್ಪ್, ಇ, ಜಿ, ಬಿ ಫ್ಲ್ಯಾಟ್. ಶೇಷ 2 ಇರುವವು ಡಿ, ಎಫ್, ಜಿ ಶಾರ್ಪ್, ಬಿ. ಮೂರೂ ಮೂರು ಡಿಮಿನಿಶ್ಡ್ ಸೆವೆಂತ್ ಕಾರ್ಡ್‌ಗಳು, ಮತ್ತು ಆಕ್ಟಟಾನಿಕ್ ಸ್ಕೇಲ್ ಎಂದರೆ ಇವುಗಳಲ್ಲಿ ಯಾವುದೋ ಎರಡು.

ಹಾಗಾಗಿ ಪರೀಕ್ಷೆ ಸುಲಭ. ಒಂದು ನುಡಿಯ ಸ್ವರಗಳಲ್ಲಿ ಎರಡೇ ಬಗೆಯ ಶೇಷಗಳು ಕಂಡರೆ ಅದು ಆಕ್ಟಟಾನಿಕ್ ಆಗಿರಬಹುದು. ಮೂರೂ ಕಂಡರೆ ಆ ನುಡಿ ಪೂರ್ತಿಯಾಗಿ ಆಕ್ಟಟಾನಿಕ್ ಅಲ್ಲ.

ಒಂದು ಎಚ್ಚರಿಕೆ. ಆರ್ಕೆಸ್ಟ್ರಾ ಸ್ಕೋರ್‌ನಲ್ಲಿ ಬಿ ಫ್ಲ್ಯಾಟ್ ಕ್ಲಾರಿನೆಟ್‌ಗೆ ಬರೆದ ಸ್ವರ ಎರಡು ಸೆಮಿಟೋನ್ ಕೆಳಗೆ ಕೇಳಿಸುತ್ತದೆ, ಎ ಕ್ಲಾರಿನೆಟ್‌ಗೆ ಮೂರು, ಎಫ್ ಹಾರ್ನ್‌ಗೆ ಏಳು. ಕೇಳಿಸುವ ಸ್ವರವನ್ನೇ ಎಣಿಸಿ. ಈ ಪರೀಕ್ಷೆ ತಪ್ಪು ಉತ್ತರ ಕೊಡುವುದು ಹೆಚ್ಚಾಗಿ ಇಲ್ಲೇ.

ಎಷ್ಟು ಸ್ವರಗಳಿದ್ದರೆ ನಂಬಬಹುದು?

ಮೂರು ನಾಲ್ಕು ಸ್ವರಗಳಿಗೆ ಬೆಲೆಯಿಲ್ಲ. ಯಾವ ಮೇಜರ್ ಟ್ರಯಾಡಾದರೂ ಪಾಸಾಗುತ್ತದೆ, ಯಾವ ಡಾಮಿನೆಂಟ್ ಸೆವೆಂತ್ ಆದರೂ ಪಾಸಾಗುತ್ತದೆ. ಮೇಜರ್ ಸ್ಕೇಲಿನ ಏಳು ಸ್ವರಗಳಲ್ಲಿ ಎರಡೇ ಶೇಷಗಳೊಳಗೆ ಹಿಡಿಸುವುದು ಹೆಚ್ಚೆಂದರೆ ಐದು. ಹಾಗಾಗಿ ಐದು ಸ್ವರಗಳವರೆಗೆ ಮಾಮೂಲಿ ಮೇಜರ್ ಸಂಗೀತವೂ ಆಕ್ಟಟಾನಿಕ್‌ನಂತೆ ಕಾಣಬಹುದು. ಆರು ಸ್ವರ ಸಿಕ್ಕರೆ ಮೇಜರ್ ಸ್ಕೇಲ್ ಸಾಧ್ಯವಿಲ್ಲ, ಆದರೆ ಹಾರ್ಮೊನಿಕ್ ಮೈನರ್ ಮತ್ತು ಏರುವ ಮೆಲೋಡಿಕ್ ಮೈನರ್ ಎರಡರಲ್ಲೂ ಇಂಥ ಆರು ಸ್ವರಗಳು ಸಿಗುತ್ತವೆ. ಎ ಹಾರ್ಮೊನಿಕ್ ಮೈನರ್‌ನಲ್ಲಿ ಇ ಒಂದನ್ನು ಬಿಟ್ಟು ನೋಡಿ: ಎ, ಬಿ, ಸಿ, ಡಿ, ಎಫ್, ಜಿ ಶಾರ್ಪ್. ಶೇಷ 1 ಇಲ್ಲವೇ ಇಲ್ಲ. ಏಳು ಸ್ವರ ಎರಡೇ ಶೇಷಗಳಲ್ಲಿ ಬಂದರೆ ಮೇಜರ್, ಮೈನರ್ ಎಲ್ಲವನ್ನೂ ಪಕ್ಕಕ್ಕಿಡಬಹುದು.

ನೋಡುವ ಕಿಟಕಿ ಎಷ್ಟು ದೊಡ್ಡದು ಎನ್ನುವುದೂ ಮುಖ್ಯ. ಒಂದು ಬೀಟ್ ತೆಗೆದುಕೊಂಡರೆ ಎಲ್ಲವೂ ಪಾಸು. ಇಡೀ ಪುಟ ತೆಗೆದುಕೊಂಡರೆ ಹನ್ನೆರಡೂ ಸ್ವರಗಳು ಬಂದು ಎಲ್ಲವೂ ಫೇಲು. ಒಂದು ನುಡಿ, ಅಥವಾ ಆರ್ಕೆಸ್ಟ್ರಾದ ಹೊಂದಿಕೆ ಬದಲಾಗುವವರೆಗಿನ ತುಂಡು, ಇದೇ ಸರಿಯಾದ ಅಳತೆ. ಕಿಟಕಿಯನ್ನು ಸಂಗೀತ ನೋಡಿ ಮೊದಲೇ ಗುರುತು ಮಾಡಿ. ಉತ್ತರ ಬರುವ ಹಾಗೆ ಆಮೇಲೆ ಸರಿಸಬಾರದು.

ಹಾಗಾದರೆ ಪೆಟ್ರುಷ್ಕಾ ಕಾರ್ಡ್ ಏನು?

ಲೆಕ್ಕ ಮಾಡೋಣ. ಸಿ, ಇ, ಜಿ ಎಂದರೆ 0, 4, 7. ಶೇಷ 0, 1, 1. ಎಫ್ ಶಾರ್ಪ್, ಎ ಶಾರ್ಪ್, ಸಿ ಶಾರ್ಪ್ ಎಂದರೆ 6, 10, 1. ಶೇಷ 0, 1, 1. ಶೇಷ 2 ಎಲ್ಲೂ ಇಲ್ಲ. ಆರು ಸ್ವರಗಳು, ಎರಡೇ ಶೇಷಗಳು. ಈ ಆರು ಯಾವ ಹಾರ್ಮೊನಿಕ್ ಅಥವಾ ಮೆಲೋಡಿಕ್ ಮೈನರ್‌ನಲ್ಲೂ ಕೂರುವುದಿಲ್ಲ. ಆಕ್ಟಟಾನಿಕ್ ಪರೀಕ್ಷೆಯಲ್ಲಿ ಚೆನ್ನಾಗಿಯೇ ಪಾಸಾಯಿತು.

ಇನ್ನು ಬೈಟೋನಲ್ ಪರೀಕ್ಷೆ. ಸಿ ಮೇಜರ್‌ಗೆ ಲೀಡಿಂಗ್ ಟೋನ್ ಬಿ. ಎಫ್ ಶಾರ್ಪ್ ಮೇಜರ್‌ಗೆ ಅದು ಇ ಶಾರ್ಪ್, ಅಂದರೆ ಕಿವಿಗೆ ಎಫ್. ಎರಡೂ ಶೇಷ 2ರ ಸ್ವರಗಳು, ಎರಡೂ ಈ ಕಾರ್ಡ್‌ನಲ್ಲಿ ಇಲ್ಲ. ಐದನೆಯವು ಇವೆ ನಿಜ, ಆದರೆ ಟ್ರಯಾಡ್‌ನ ಭಾಗವಾಗಿ ಮಾತ್ರ; ಕೀಯನ್ನು ಸ್ಥಾಪಿಸುವ ಕೆಲಸ ಮಾಡುತ್ತಿಲ್ಲ. ಎರಡು ಟ್ರಯಾಡ್‌ಗಳಿವೆ, ಆದರೆ ಯಾವುದಕ್ಕೂ ತನ್ನನ್ನು ಕೀ ಎಂದು ಸಾಬೀತು ಮಾಡುವ ಸ್ವರ ಸಿಕ್ಕಿಲ್ಲ. ಟ್ರಯಾಡ್‌ಗಳ ನಡುವೆ ಟ್ರೈಟೋನ್ ಅಂತರ ಇರುವುದರಿಂದ ಒಂದು ಇನ್ನೊಂದನ್ನು ತನ್ನ ಅಧೀನಕ್ಕೆ ಎಳೆದುಕೊಳ್ಳಲೂ ಆಗುವುದಿಲ್ಲ.

ಆದರೂ ಎರಡು ಕೀಗಳ ವಾದವನ್ನು ತಳ್ಳಿಹಾಕುವಂತಿಲ್ಲ. ಈ ಸಂಗೀತ 1910ರಲ್ಲಿ ಪಿಯಾನೋ ಮತ್ತು ಆರ್ಕೆಸ್ಟ್ರಾಕ್ಕೆಂದು ಶುರುವಾಯಿತು. ಪಿಯಾನೋ ಮೇಲೆ ಕೈಯಿಟ್ಟು ನೋಡಿ: ಸಿ ಮೇಜರ್ ಪೂರ್ತಿ ಬಿಳಿ ಮನೆಗಳು, ಎಫ್ ಶಾರ್ಪ್ ಮೇಜರ್ ಪೂರ್ತಿ ಕಪ್ಪು ಮನೆಗಳು. ಎರಡು ಕೈಗಳು ಎರಡು ಬಣ್ಣಗಳ ಮೇಲೆ ಕುಳಿತಿವೆ. ಸ್ಟ್ರಾವಿನ್‌ಸ್ಕಿಯೂ ಮುಂದೆ, ಈ ದೃಶ್ಯವನ್ನು ಎರಡು ಕೀಗಳಲ್ಲಿ ಯೋಚಿಸಿದ್ದಾಗಿ ಹೇಳಿದರು. ಸಂಗೀತ ಹುಟ್ಟಿದ ಬಗೆ ಬೇರೆ, ಸ್ವರಗಳು ಸೇರಿ ಆಗಿರುವ ಗುಂಪು ಬೇರೆ. ವಿಶ್ಲೇಷಣೆಯಲ್ಲಿ ಎರಡನ್ನೂ ಹೇಳಬಹುದು, ಆದರೆ ಒಂದನ್ನು ಇನ್ನೊಂದಕ್ಕೆ ಪುರಾವೆಯಾಗಿ ಬಳಸಬಾರದು.

ಕಾರ್ಡ್‌ನಲ್ಲಿ ಇಲ್ಲದ ಆಕ್ಟಟಾನಿಕ್ ಸ್ವರಗಳು ಎರಡು: ಡಿ ಶಾರ್ಪ್ ಮತ್ತು ಎ. ಮುಂದೆ ಓದುವಾಗ ಅವುಗಳಿಗಾಗಿ ಕಾದು ನೋಡಿ. ಅವು ಬಂದು, ಡಿ, ಎಫ್, ಜಿ ಶಾರ್ಪ್, ಬಿ ದೂರವೇ ಉಳಿದ ತುಂಡುಗಳಲ್ಲಿ ಆಕ್ಟಟಾನಿಕ್ ವಾದ ಗಟ್ಟಿಯಾಗುತ್ತದೆ. ಬಿಳಿ ಮನೆಗಳೆಲ್ಲ ತುಂಬಿಕೊಂಡು ಡಿ, ಎಫ್, ಬಿ ಬಂದ ತುಂಡುಗಳಲ್ಲಿ ಅದು ಸಡಿಲವಾಗುತ್ತದೆ.

‘ರೈಟ್ ಆಫ್ ಸ್ಪ್ರಿಂಗ್’ನ ಆ ಹೆಸರಾಂತ ಕಾರ್ಡ್ ಕೂಡ ಆಕ್ಟಟಾನಿಕ್ ಅಲ್ಲವೇ?

ಅಲ್ಲ. 1913ರ ಆ ಬ್ಯಾಲೆಯಲ್ಲಿ ಪರಿಚಯ ಭಾಗ ಮುಗಿದ ಕೂಡಲೇ ತಂತಿವಾದ್ಯಗಳು ಒಂದೇ ಕಾರ್ಡನ್ನು ಕುಟ್ಟುತ್ತಾ ಹೋಗುತ್ತವೆ, ಎಂಟು ಹಾರ್ನ್‌ಗಳು ಅಲ್ಲಲ್ಲಿ ಒತ್ತು ಕೊಡುತ್ತವೆ. ಕೆಳಗೆ ಇ ಮೇಜರ್ ಟ್ರಯಾಡ್ (ಬರೆದಿರುವುದು ಎಫ್ ಫ್ಲ್ಯಾಟ್ ಎಂದು), ಮೇಲೆ ಇ ಫ್ಲ್ಯಾಟ್ ಡಾಮಿನೆಂಟ್ ಸೆವೆಂತ್. ಮೇಲಿನದು 3, 7, 10, 1. ಶೇಷ 0, 1, 1, 1. ಕೆಳಗಿನದು 4, 8, 11. ಶೇಷ 1, 2, 2. ಮೂರೂ ಶೇಷಗಳು ಬಂದುಬಿಟ್ಟವು. ಐದು ಸ್ವರಗಳು ಒಂದು ಆಕ್ಟಟಾನಿಕ್ ಸ್ಥಾನದಲ್ಲಿವೆ, ಎರಡು ಹೊರಗಿವೆ. ಏಳರಲ್ಲಿ ಎರಡು ಎಂದರೆ ಸಣ್ಣ ವಿನಾಯಿತಿ ಅಲ್ಲ; ಅದೂ ಅವು ಹಾದುಹೋಗುವ ಸ್ವರಗಳಲ್ಲ, ಕಾರ್ಡ್‌ನ ಕೆಳ ಅರ್ಧವನ್ನೇ ಹೊತ್ತ ಸ್ವರಗಳು.

ಈ ಏಳೂ ಸ್ವರಗಳು ಎ ಫ್ಲ್ಯಾಟ್ ಹಾರ್ಮೊನಿಕ್ ಮೈನರ್‌ನ ಏಳು ಸ್ವರಗಳಿಗೆ ಸರಿಯಾಗಿ ಹೊಂದುತ್ತವೆ. ಹಾಗೆಂದು ಕೀ ಎ ಫ್ಲ್ಯಾಟ್ ಎನ್ನಲೂ ಆಗದು, ಕಾರ್ಡ್ ಎಲ್ಲಿಗೂ ಹೋಗಿ ನಿಲ್ಲುವುದಿಲ್ಲ. ಎರಡು ಪದರಗಳಿವೆ, ಎರಡೂ ಅಲುಗದ ಕಾರ್ಡ್‌ಗಳು. ಕೀಯ ಕೆಲಸ ಯಾವುದೂ ಮಾಡುತ್ತಿಲ್ಲ. ಇಂಥ ಕಡೆ ಪಾಲಿಕಾರ್ಡ್ ಎಂದಷ್ಟೇ ಬರೆಯುವುದು ನ್ಯಾಯ.

ಬೈಟೋನಲ್‌ನಂತೆ ಕಂಡು ಆಕ್ಟಟಾನಿಕ್ ಆಗಿರುವ ಶುದ್ಧ ಉದಾಹರಣೆ ಇದೆಯೇ?

ಬಾರ್ಟೊಕ್‌ನ ‘ಮೈಕ್ರೊಕಾಸ್ಮೋಸ್’ನ 101ನೇ ತುಣುಕು, ‘ಡಿಮಿನಿಶ್ಡ್ ಫಿಫ್ತ್’. ಸಂಪುಟ 1940ರಲ್ಲಿ ಪ್ರಕಟವಾದದ್ದು. ಸ್ವಲ್ಪ ತಡವಾದರೂ ಕಲಿಯಲು ಇದಕ್ಕಿಂತ ಸ್ವಚ್ಛವಾದದ್ದು ಸಿಗಲಾರದು. ಶುರುವಿನಲ್ಲಿ ಒಂದು ಕೈಗೆ ಎ, ಬಿ, ಸಿ, ಡಿ. ಇನ್ನೊಂದಕ್ಕೆ ಇ ಫ್ಲ್ಯಾಟ್, ಎಫ್, ಜಿ ಫ್ಲ್ಯಾಟ್, ಎ ಫ್ಲ್ಯಾಟ್. ಎ ಮೈನರ್ ಮತ್ತು ಇ ಫ್ಲ್ಯಾಟ್ ಮೈನರ್ ಎಂದು ಯಾರಿಗಾದರೂ ಅನ್ನಿಸುತ್ತದೆ.

ಸಂಖ್ಯೆ ಹಾಕಿದರೆ 9, 11, 0, 2 ಮತ್ತು 3, 5, 6, 8. ಶೇಷಗಳು 0, 2, 0, 2 ಮತ್ತೆ 0, 2, 0, 2. ಎಂಟು ಸ್ವರ, ಒಂದೂ ಮರುಕಳಿಸಿಲ್ಲ, ಶೇಷ 1 ಇಲ್ಲ: ಪೂರ್ಣ ಆಕ್ಟಟಾನಿಕ್. ಈಗ ಎ ಮೈನರ್‌ಗೆ ಬೇಕಾದ ಐದನೇ ಸ್ವರ ಯಾವುದು? ಇ. ಇ ಫ್ಲ್ಯಾಟ್ ಮೈನರ್‌ಗೆ? ಬಿ ಫ್ಲ್ಯಾಟ್. ಎರಡೂ ಶೇಷ 1ರವು, ಅಂದರೆ ಈ ಸ್ಕೇಲ್ ಹೊರಗಿಟ್ಟ ಸ್ವರಗಳೇ. ಎರಡು ಕೀಗಳ ಹೊಸ್ತಿಲವರೆಗೆ ಬಂದು ಒಳಗೆ ಕಾಲಿಡದ ಸಂಗೀತ ಇದು. ತುಣುಕು ಮುಂದುವರಿದಂತೆ ಈ ಜೋಡಿ ಬೇರೆ ಸ್ಥಾನಗಳಿಗೆ ಸರಿಯುತ್ತದೆ, ಆದ್ದರಿಂದ ಪ್ರತಿ ತುಂಡಿಗೂ ಲೆಕ್ಕವನ್ನು ಹೊಸದಾಗಿ ಮಾಡಿ.

ನಿಜವಾದ ಬೈಟೋನಾಲಿಟಿ ಎಲ್ಲಿ ಸಿಗುತ್ತದೆ?

ದಾರಿಯುಸ್ ಮಿಯೊ ಅವರಲ್ಲಿ. ಅವರು 1917–18ರಲ್ಲಿ ರಿಯೊ ಡಿ ಜನೈರೊದ ಫ್ರೆಂಚ್ ಕಚೇರಿಯಲ್ಲಿ ಪಾಲ್ ಕ್ಲೊಡೆಲ್‌ರ ಕಾರ್ಯದರ್ಶಿಯಾಗಿದ್ದರು. ಆ ಊರಿನ ನೆನಪಿನ ಪಿಯಾನೋ ತುಣುಕುಗಳು ‘ಸೌದಾದೆಸ್ ದೊ ಬ್ರಜಿಲ್’. ಅದರ ‘ಬೊತಾಫೊಗೊ’ ಶುರುವಾಗುವಾಗ ಎಡಗೈ ಎಫ್ ಮೈನರ್‌ನಲ್ಲಿ, ಬಲಗೈ ಎಫ್ ಶಾರ್ಪ್ ಮೈನರ್‌ನಲ್ಲಿ. ಎಡಗೈ ಕುಣಿತದ ತಾಳ ಹಿಡಿದು ಕೂತಿದೆ, ಬಲಗೈ ಅದರ ಮೇಲೆ ರಾಗ ಹಾಡುತ್ತದೆ. ಪದರಗಳು ಸ್ಥಾಯಿಯಲ್ಲೂ ಕೆಲಸದಲ್ಲೂ ಬೇರೆ.

ಎರಡೂ ನ್ಯಾಚುರಲ್ ಮೈನರ್ ಸ್ಕೇಲುಗಳನ್ನು ಪಕ್ಕಪಕ್ಕ ಬರೆದರೆ ಎರಡೇ ಸ್ವರಗಳು ಸಮಾನ. ಒಟ್ಟು ಸೇರಿದರೆ ಹನ್ನೆರಡೂ ಸ್ವರಗಳು. ಇಲ್ಲಿ ಆಕ್ಟಟಾನಿಕ್ ಪ್ರಶ್ನೆಯೇ ಏಳುವುದಿಲ್ಲ, ಮತ್ತು ಅದಕ್ಕೆ ಒಂದು ಸಾಮಾನ್ಯ ಕಾರಣವಿದೆ: ಒಂದು ಪದರದಲ್ಲೇ ಮೇಜರ್ ಅಥವಾ ನ್ಯಾಚುರಲ್ ಮೈನರ್ ಸ್ಕೇಲಿನ ಏಳೂ ಸ್ವರಗಳು ಇದ್ದರೆ ಆ ಪದರದಲ್ಲೇ ಮೂರೂ ಶೇಷಗಳು ಇರುತ್ತವೆ. ಆದ್ದರಿಂದ ಶೇಷದ ಪರೀಕ್ಷೆಯನ್ನು ಒಟ್ಟು ಮೊತ್ತಕ್ಕೆ ಮಾತ್ರವಲ್ಲ, ಪ್ರತಿ ಪದರಕ್ಕೂ ಮಾಡಿ. ಒಂಟಿ ಪದರವೇ ಫೇಲಾದರೆ ಹುಡುಕಬೇಕಾದದ್ದು ಕೀ.

ಅದೇ ಸಂಕಲನದ ‘ಕೊರ್ಕೊವಾದೊ’ದಲ್ಲಿ ಜಿ ಮೇಜರ್ ಮತ್ತು ಡಿ ಮೇಜರ್ ಜೊತೆಯಾಗುತ್ತವೆ. ಇವುಗಳ ನಡುವೆ ವ್ಯತ್ಯಾಸ ಸಿ ಮತ್ತು ಸಿ ಶಾರ್ಪ್ ಮಾತ್ರ. ಕಾಗದದ ಮೇಲೆ ಬೈಟೋನಲ್ ನಿಜ, ಆದರೆ ಹಲವರ ಕಿವಿಗೆ ಅದು ಜಿ ಮೇಜರ್ ಮೇಲೆ ಹೊಳೆಯುವ ಒಂದು ಸಿ ಶಾರ್ಪ್ ಅಷ್ಟೆ. ಕೀಗಳು ಹತ್ತಿರವಾದಷ್ಟೂ ಬೈಟೋನಲ್ ಎಂಬ ಮಾತು ತೆಳುವಾಗುತ್ತದೆ.

ಎರಡು ಕೈಗಳಿಗೆ ಬೇರೆ ಬೇರೆ ಕೀ ಸಿಗ್ನೇಚರ್ ಬರೆದಿದ್ದರೆ?

ಅದು ಸುಳಿವು, ಪುರಾವೆಯಲ್ಲ. ಬಾರ್ಟೊಕ್‌ನ 1908ರ ಹದಿನಾಲ್ಕು ಬ್ಯಾಗಟೆಲ್‌ಗಳಲ್ಲಿ ಮೊದಲನೆಯದಕ್ಕೆ ಬಲಗೈಗೆ ನಾಲ್ಕು ಶಾರ್ಪ್, ಎಡಗೈಗೆ ನಾಲ್ಕು ಫ್ಲ್ಯಾಟ್. ಸಿ ಶಾರ್ಪ್ ಮೈನರ್ ಮತ್ತು ಎಫ್ ಮೈನರ್ ಎಂದು ಬಹಳ ಮಂದಿ ಬರೆದರು. ಬಾರ್ಟೊಕ್ ಮಾತ್ರ ಅದು ಎರಡರ ಬೆರಕೆಯಲ್ಲ, ಫ್ರಿಜಿಯನ್ ಬಣ್ಣದ ಸಿ ಎಂದು ಸ್ಪಷ್ಟಪಡಿಸಿದರು. ಎಡಗೈ ಎಲ್ಲಿ ಇಳಿದು ನಿಲ್ಲುತ್ತದೆ ಎಂದು ನೋಡಿದರೆ ಅವರ ಮಾತು ಅರ್ಥವಾಗುತ್ತದೆ.

ಕಿವಿಯಿಂದ ಪರೀಕ್ಷಿಸುವುದು ಹೇಗೆ?

ಒಂದು ಪದರವನ್ನು ಮಾತ್ರ ನಾಲ್ಕು ಬಾರ್‌ನಷ್ಟು ನುಡಿಸಿ, ನಡುವೆ ನಿಲ್ಲಿಸಿ, ನೆಲೆ ಎನಿಸುವ ಸ್ವರವನ್ನು ಗುನುಗಿ. ಅದನ್ನು ಬರೆದಿಟ್ಟು ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಪದರಕ್ಕೆ ಹಾಗೆಯೇ ಮಾಡಿ. ಆಮೇಲೆ ಎರಡನ್ನೂ ಒಟ್ಟಿಗೆ ನುಡಿಸಿ ಮತ್ತೆ ಗುನುಗಿ. ಬೇರೆಯಾಗಿ ನುಡಿಸಿದಾಗ ಎರಡು ಬೇರೆ ನೆಲೆಗಳು ಗಟ್ಟಿಯಾಗಿ ಸಿಕ್ಕರೆ ಬೈಟೋನಲ್ ಮಾತಿಗೆ ಆಧಾರವಿದೆ. ಒಟ್ಟಿಗೆ ನುಡಿಸಿದಾಗ ಒಂದು ನೆಲೆ ಇನ್ನೊಂದನ್ನು ನುಂಗಿದರೆ ಅದನ್ನೂ ಬರೆಯಿರಿ. ಹೆಚ್ಚಿನ ಸಲ ಕೆಳಗಿನ ಪದರವೇ ನುಂಗುತ್ತದೆ. ಬೇರೆಯಾಗಿ ನುಡಿಸಿದಾಗಲೂ ನೆಲೆ ಸಿಗದೆ, ಮೂರು ಸೆಮಿಟೋನ್ ಅಂತರದ ಸ್ವರಗಳ ನಡುವೆ ಮನಸ್ಸು ಓಲಾಡುತ್ತಿದ್ದರೆ ಆಕ್ಟಟಾನಿಕ್ ಲೆಕ್ಕಕ್ಕೆ ಕೂರಿ.

ವಿದ್ವಾಂಸರಲ್ಲೇ ಒಮ್ಮತ ಇಲ್ಲವಲ್ಲ, ನಾವು ಏನು ಬರೆಯಬೇಕು?

ಪೀಟರ್ ವಾನ್ ಡೆನ್ ಟೂರ್ನ್ 1983ರಲ್ಲಿ ಸ್ಟ್ರಾವಿನ್‌ಸ್ಕಿಯ ಬಹುಪಾಲು ಸಂಗೀತವನ್ನು ಆಕ್ಟಟಾನಿಕ್ ಎಂದು ಓದಿದರು, ಬೈಟೋನಾಲಿಟಿಯನ್ನು ಒಪ್ಪಲಿಲ್ಲ. ರಿಚರ್ಡ್ ಟರುಸ್ಕಿನ್ ಆ ಸ್ಕೇಲಿನ ಬೇರನ್ನು ರಿಮ್‌ಸ್ಕಿ-ಕೊರ್ಸಕೊವ್‌ವರೆಗೆ ಹುಡುಕಿದರು. 2002ರಲ್ಲಿ ಡ್ಮಿಟ್ರಿ ಟಿಮೊಸ್ಕೊ, ಆಕ್ಟಟಾನಿಕ್ ಎಂದು ಹೇಳಲಾದ ಹಲವು ಜಾಗಗಳು ಬೇರೆ ಸ್ಕೇಲುಗಳಿಂದ ಅಥವಾ ಪದರಗಳ ಹೇರಿಕೆಯಿಂದ ಬಂದವು ಎಂದು ತೋರಿಸಿದರು. ನಮ್ಮ ಅನುಭವದಲ್ಲಿ ಇಡೀ ಕೃತಿಗೆ ಒಂದು ಹೆಸರು ಅಂಟಿಸಿದಾಗಲೇ ಜಗಳ ಬೆಳೆಯುವುದು.

ಆದ್ದರಿಂದ ಬಾರ್ ಸಂಖ್ಯೆ ಕೊಟ್ಟು ತುಂಡು ತುಂಡಾಗಿ ಬರೆಯಿರಿ. ಯಾವ ಶೇಷ ಇಲ್ಲ, ಹೊರಗಿನ ಸ್ವರಗಳು ಎಷ್ಟು, ಅವು ಬೀಟ್ ಮೇಲೆ ಬಂದು ನಿಂತವೇ ಅಥವಾ ಅರ್ಧ ಹೆಜ್ಜೆಯಲ್ಲಿ ಹಾದುಹೋದವೇ, ಪ್ರತಿ ಪದರಕ್ಕೆ ಐದನೆಯದು ಮತ್ತು ಲೀಡಿಂಗ್ ಟೋನ್ ಇದೆಯೇ, ಇಷ್ಟನ್ನು ಹೇಳಿ. ಪೆಟ್ರುಷ್ಕಾದ ಆ ಕ್ಲಾರಿನೆಟ್‌ಗಳಿಗೆ ಹೀಗೆ ಬರೆಯಬಹುದು: ‘ಟ್ರೈಟೋನ್ ಅಂತರದ ಎರಡು ಮೇಜರ್ ಟ್ರಯಾಡ್‌ಗಳು; ಆರು ಸ್ವರ, ಶೇಷ 2 ಇಲ್ಲ; ಎರಡೂ ಪದರಗಳಲ್ಲಿ ಲೀಡಿಂಗ್ ಟೋನ್ ಇಲ್ಲ.’ ಓದುವವರು ಯಾವ ಪಕ್ಷದವರಾದರೂ ಈ ವಾಕ್ಯವನ್ನು ಸ್ಕೋರ್ ತೆರೆದು ಪರಿಶೀಲಿಸಬಹುದು.